‘ಪಾವು’ ಬಂತೋ ‘ಬಾವು’ ಬಂತೋ: ತಮಿಳು ಲಿಪಿಯಲ್ಲಿ ಬರುವ ಮನೆಮಾತನ್ನು ಓದುವ ಬಗೆ

ಪರದೆ ಕಾಣ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ.

ಮಾತುಕತೆಯ ನಡುವೆ ಕೆಟ್ಟುಹೋದ ಒಂದು ವಾಕ್ಯ ಬಂದರೆ ಅದನ್ನು ಹಿಂದಿನ ಮಾತುಗಳ ನೆರವಿನಿಂದ ಹೇಗೆ ಓದುತ್ತೇವೆ, ಆ ನೆರವು ಎಲ್ಲಿಯವರೆಗೆ ಬರುತ್ತದೆ ಅನ್ನೋದು ಇವತ್ತಿನ ವಿಷಯ. ಇದನ್ನು ದೊಡ್ಡದಾಗಿ ಹರಡದೆ ಒಂದೇ ಒಂದು ಸಂದೇಶ ಇಟ್ಟುಕೊಂಡು ಹೇಳ್ತೇನೆ. ಅದು ಎರಡು ವಾಕ್ಯ, ನಾಲ್ಕು ಪದಗಳ ಸಂದೇಶ.

ಮೊದಲು ಹಿನ್ನೆಲೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ (2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಗುವ ತನಕ ಇದರ ಬಹುಭಾಗ ಕೊಯಮತ್ತೂರೇ ಆಗಿತ್ತು) ನೇಕಾರಿಕೆಯ ದೇವಾಂಗ ಮನೆಗಳಲ್ಲಿ ಕನ್ನಡ ಮನೆಮಾತು. ಚೌಡೇಶ್ವರಿ ಹಬ್ಬದಲ್ಲಿ, ಮಗ್ಗದ ಮುಂದೆ, ಅಡುಗೆಮನೆಯಲ್ಲಿ ಕನ್ನಡ. ಆದರೆ ಶಾಲೆ ತಮಿಳು. ಹಾಗಾಗಿ ನನ್ನ ತಂದೆಯ ತಲೆಮಾರಿನ ಹೆಚ್ಚಿನವರಿಗೆ ಕನ್ನಡ ಅಕ್ಷರ ಬರಲ್ಲ. ಮೊಬೈಲು ಬಂದ ಮೇಲೆ ಅವರು ಕನ್ನಡ ಬರೆಯೋಕೆ ಶುರು ಮಾಡಿದ್ದಾರೆ, ತಮಿಳು ಅಕ್ಷರದಲ್ಲಿ. ನಾನು ಕನ್ನಡ ಎಂ.ಎ. ಓದುತ್ತಿದ್ದರೂ ನಮ್ಮ ಅತ್ತೆಗೆ ಕನ್ನಡವನ್ನು ತಮಿಳಿನಲ್ಲೇ ಬರೆಯುತ್ತೇನೆ. ಬೇರೆ ದಾರಿ ಇಲ್ಲ.

ತಮಿಳು ಲಿಪಿ ಎಲ್ಲಿ ಕನ್ನಡವನ್ನು ಕಳೆಯುತ್ತೆ ಅನ್ನೋದು ಸ್ಪಷ್ಟವಾಗಿದ್ದರೆ ಮುಂದಿನದು ಸುಲಭ. ಸ್ವರಗಳೆಲ್ಲ ಉಳಿಯುತ್ತವೆ, ಎ ಏ, ಒ ಓ ಭೇದವೂ ಇದೆ. ಲ ಳ ಬೇರೆ, ನ ಣ ಬೇರೆ. ಹೋಗೋದು ವರ್ಗೀಯ ವ್ಯಂಜನಗಳಲ್ಲಿ. ಕ ಖ ಗ ಘ ನಾಲ್ಕಕ್ಕೂ ಒಂದೇ ಅಕ್ಷರ. ಟ, ತ, ಪ ವರ್ಗಗಳಲ್ಲೂ ಹಾಗೇ. ಚ ವರ್ಗದಲ್ಲಿ ಗ್ರಂಥಾಕ್ಷರದ ಜ ಒಂದು ಸಿಗುತ್ತೆ, ಅಷ್ಟೆ. ಮಹಾಪ್ರಾಣ ನಮ್ಮ ಮನೆಮಾತಿನಲ್ಲಿ ಹೇಗೂ ಕೇಳಿಸಲ್ಲ, ಅದನ್ನು ಬಿಡೋಣ. ಘೋಷ ಅಘೋಷ ಭೇದ ಹೋಗೋದೇ ನಿಜವಾದ ನಷ್ಟ.

ತಮಿಳಿಗೆ ಇದು ನಷ್ಟವೇ ಅಲ್ಲ. ಅಲ್ಲಿನ ದೇಶ್ಯ ಪದಗಳಲ್ಲಿ ಸ್ಥಾನವೇ ಉಚ್ಚಾರಣೆಯನ್ನು ಹೇಳುತ್ತೆ: ಪದದ ಮೊದಲಲ್ಲಿ, ಒತ್ತಕ್ಷರದಲ್ಲಿ ಅಘೋಷ, ಎರಡು ಸ್ವರಗಳ ನಡುವೆ, ಅನುನಾಸಿಕದ ನಂತರ ಘೋಷ. ಕನ್ನಡ ಈ ಎಲ್ಲ ಕಡೆಯೂ ಆ ನಿಯಮ ಮುರಿಯುತ್ತೆ. ‘ಗುಡಿ’ಯ ಮೊದಲಲ್ಲಿ ಘೋಷ, ‘ಕತೆ’ಯ ನಡುವೆ ಅಘೋಷ. ‘ಬಂತು’, ‘ಬಂದು’ ಎರಡೂ ನಮಗೆ ಬೇಕು. ಒತ್ತಕ್ಷರದಲ್ಲಂತೂ ‘ಅಕ್ಕ’ನೂ ‘ಅಗ್ಗ’ವೂ ಒಂದೇ ಆಗಿಬಿಡುತ್ತೆ. ನೇಕಾರರ ಮನೆಯಲ್ಲಿ ‘ಮಗ್ಗ’ ಅಂತ ಬರೆದರೆ ‘ಮಕ್ಕ’ ಅಂತ ಓದಿಸಿಕೊಳ್ಳುತ್ತೆ ಅನ್ನೋದು ನಮ್ಮ ಮನೆಯ ಹಳೇ ನಗೆಚಾಟಿಕೆ.

ಇನ್ನು ಮುಂದೆ ಪರದೆಯಲ್ಲಿ ಬಂದದ್ದನ್ನು ಬಂದಹಾಗೆ ತೋರಿಸಬೇಕಾದಾಗ ಪ್ರತಿ ವರ್ಗದ ಮೊದಲ ಅಕ್ಷರವನ್ನೇ ಬಳಸ್ತೇನೆ. ಅಂದ್ರೆ ‘ತಟ’ ಅಂತ ತೋರಿಸಿದರೆ ಅದು ತಟ, ತಡ, ದಟ, ದಡ ನಾಲ್ಕರಲ್ಲಿ ಯಾವುದೂ ಆಗಬಹುದು. ಇದರಲ್ಲಿ ಮೂರು ನಿಜವಾದ ಕನ್ನಡ ಪದಗಳು ಅನ್ನೋದನ್ನ ಗಮನಿಸಿ.

ಈಗ ಆ ಸಂದೇಶ. ಅತ್ತೆ ಇರೋದು ನೆಗಮಂ ಹತ್ತಿರದ ಒಂದು ಹಳ್ಳಿ, ಕಾಟನ್ ಸೀರೆ ನೇಯ್ತಾರೆ. ಅವರದು ಕುಳಿ ಮಗ್ಗ: ನೆಲದಲ್ಲಿ ಗುಂಡಿ ತೆಗೆದು, ಅಂಚಿನ ಮೇಲೆ ಕೂತು, ಕಾಲು ಗುಂಡಿಯೊಳಗೆ ಬಿಟ್ಟು ಮೆಟ್ಟುಹಲಗೆ ತುಳಿಯೋದು. ನೇಯೋಕೆ ಕೂರೋದನ್ನ ನಮ್ಮ ಮನೆಯಲ್ಲಿ ‘ಇಳಿಯೋದು’ ಅಂತಲೇ ಹೇಳ್ತೀವಿ. ಕರ್ನಾಟಕದ ನೇಕಾರರು ‘ಹಾಸು’ ಅನ್ನೋದನ್ನ ಅತ್ತೆ ತಮಿಳಿನ ಹಾಗೆ ‘ಪಾವು’ ಅಂತಾರೆ. ಅಂದ್ರೆ ಮಗ್ಗದ ಉದ್ದಕ್ಕೆ ಎಳೆದು ಕಟ್ಟುವ ನೂಲು. ಅದನ್ನು ಮಾಸ್ಟರ್ ವೀವರ್ ಕೊಡ್ತಾರೆ. ಒಂದು ಪಾವಿನಲ್ಲಿ ಕೆಲವು ಸೀರೆ ಆಗುತ್ತೆ. ಮುಗಿದ ಮೇಲೆ ಹೊಸದು ಬರೋವರೆಗೆ ಮಗ್ಗ ಖಾಲಿ, ಕೂಲಿಯೂ ಇಲ್ಲ. ಇನ್ನೊಂದು ವಿಷಯ, ಅವರಿಗೆ ಸಕ್ಕರೆ ಕಾಯಿಲೆ ಇದೆ.

ಮೊದಲ ದಿನದ ಮಾತು, ಅರ್ಥವಾದ ರೂಪದಲ್ಲಿ:

ನಾನು: ಅತ್ತೆ, ಕಾಲುನೋವು ಹೆಂಗದೆ?
ಅತ್ತೆ: ಪರವಾಗಿಲ್ಲ. ಎಣ್ಣೆ ಹಚ್ಚಿದೆ.
ನಾನು: ಮಗ್ಗ ನಡೀತದಾ?
ಅತ್ತೆ: ಪಾವು ಮುಗಿದು ನಾಕು ದಿನ ಆಯ್ತು. ಸುಮ್ನೆ ಕುಂತಿವ್ನಿ.
ನಾನು: ಮಾಸ್ಟರನ್ನ ಕೇಳಿದ್ರಾ?
ಅತ್ತೆ: ಕೇಳ್ದೆ. ನಾಳೆ ಅಂದ್ರು.

ಮರುದಿನ ರಾತ್ರಿ ಎಂಟರ ಹೊತ್ತಿಗೆ, ನಡುವೆ ಬೇರೇನೂ ಇಲ್ಲದೆ, ಇದು ಬಂತು:

ಪಾವು ಪಂತತೆ. ಇನ್ನೂ ಇಳಿತಿಲ್ಲ.

ಮೊದಲ ವಾಕ್ಯದಲ್ಲಿ ಅನುಮಾನದ ಅಕ್ಷರಗಳು ನಾಲ್ಕು. ಒಂದೊಂದಕ್ಕೂ ಎರಡು ಸಾಧ್ಯತೆ ಅಂದ್ರೆ ಹದಿನಾರು ಓದು. ಆದರೆ ಎರಡನೆಯ ಪದದ ಎಂಟು ರೂಪಗಳಲ್ಲಿ ಅತ್ತೆಯ ಮಾತಿನ ಕ್ರಿಯಾಪದವಾಗಿ ನಿಲ್ಲೋದು ‘ಬಂದದೆ’ ಒಂದೇ (ಪುಸ್ತಕದ ‘ಬಂದಿದೆ’). ಹಿಂದಿನ ಮಾತೇ ಬೇಕಿಲ್ಲ, ಭಾಷೆಯೇ ಇಷ್ಟು ಕೆಲಸ ಮಾಡಿಬಿಡುತ್ತೆ. ಹದಿನಾರು ಎರಡಕ್ಕೆ ಇಳಿಯಿತು: ‘ಪಾವು ಬಂದದೆ’, ‘ಬಾವು ಬಂದದೆ’. ಮಗ್ಗಕ್ಕೆ ಹಾಸು ಬಂದಿದೆ, ಅಥವಾ ಎಲ್ಲೋ ಊತ ಬಂದಿದೆ.

ಎರಡನೆಯ ವಾಕ್ಯ ಬಿಡಿಸಿಕೊಡುತ್ತೆ ಅಂತ ನೋಡಿದರೆ ಅದು ಎರಡೂ ಕಡೆ ಸಮನಾಗಿ ವಾಲುತ್ತೆ. ‘ಇಳಿದಿಲ್ಲ’ ಅಂತ ಓದಿ, ‘ಇಳೀತಿಲ್ಲ’ವನ್ನು ಹ್ರಸ್ವವಾಗಿ ಬರೆದಿದ್ದಾರೆ ಅಂತ ಬೇಕಾದರೂ ಓದಿ. ಕನ್ನಡದ ‘ಇಲ್ಲ’ಕ್ಕೆ ಪುರುಷ, ಲಿಂಗ, ವಚನ ಯಾವುದೂ ಇಲ್ಲ. ‘ನಾನು ಇನ್ನೂ ಇಳಿದಿಲ್ಲ’, ‘ಬಾವು ಇನ್ನೂ ಇಳಿದಿಲ್ಲ’ ಎರಡಕ್ಕೂ ಅದೇ ಕ್ರಿಯಾಪದ. ‘ಬಂದೆ’, ‘ಬಂತು’ ಥರ ಪ್ರತ್ಯಯ ಇದ್ದಿದ್ದರೆ ಕರ್ತೃ ಯಾರು ಅಂತ ಗೊತ್ತಾಗ್ತಿತ್ತು. ಅಂದ್ರೆ ಲಿಪಿ ಒಂದು ಕಡೆ ಕಣ್ಣು ಮುಚ್ಚಿದರೆ, ಸರಿಯಾಗಿ ಅಲ್ಲೇ ವ್ಯಾಕರಣವೂ ಮುಚ್ಚಿತು.

ಈಗ ಉಳಿದದ್ದು ಹಿಂದಿನ ಮಾತು. ಅದು ಬಹಳ ಜೋರಾಗಿ ‘ಪಾವು’ ಅನ್ನುತ್ತೆ. ಆ ಪದ ಹಿಂದಿನ ದಿನವೇ ಬಂದಿದೆ, ಅಲ್ಲಿ ಅದಕ್ಕೆ ಸಂಶಯವೇ ಇರಲಿಲ್ಲ, ಯಾಕಂದ್ರೆ ಬಾವು ‘ಮುಗಿಯೋದಿಲ್ಲ’, ಇಳಿಯುತ್ತೆ. ಮಾಸ್ಟರ್ ‘ನಾಳೆ’ ಅಂದಿದ್ದರು, ಸಂದೇಶ ಬಂದದ್ದು ಆ ನಾಳೆಯೇ. ಕಡೆಯ ಮಾತಿಗೆ ಇದು ನೇರ ಉತ್ತರದ ಹಾಗೆ ಕೂರುತ್ತೆ. ಕಾಲಿನ ವಿಷಯವೋ, ‘ಪರವಾಗಿಲ್ಲ’ ಅಂತ ಮುಗಿದುಹೋಗಿತ್ತು. ಇದರ ಎದುರಿಗೆ ಒಂದೇ ಒಂದು ಸಣ್ಣ ಎಳೆ, ‘ಇನ್ನೂ’. ಇವತ್ತೇ ಬಂದ ಹಾಸಿಗೆ ‘ಇನ್ನೂ ಇಳಿದಿಲ್ಲ’ ಅನ್ನೋದು ಸ್ವಲ್ಪ ಅವಸರ. ಹೊಸ ಎಳೆಗಳನ್ನು ಹಳೇ ಎಳೆಗಳ ತುದಿಗೆ ಒಂದೊಂದಾಗಿ ಸೇರಿಸದೆ ಯಾರೂ ನೇಯೋಕೆ ಕೂರೋದಿಲ್ಲ, ಅದಕ್ಕೇ ಹೊತ್ತು ಹಿಡಿಯುತ್ತೆ. ಊತಕ್ಕಾದರೆ ‘ಇನ್ನೂ’ ಸಹಜ. ಆದರೆ ಒಂದು ‘ಇನ್ನೂ’ವನ್ನು ನಂಬಿ ಯಾರು ತೀರ್ಪು ಕೊಡ್ತಾರೆ?

ಇಲ್ಲಿ ಒಂದು ಹಳೇ ಪ್ರಯೋಗ ನೆನೆಯಬೇಕು. 1970ರಲ್ಲಿ ರಿಚರ್ಡ್ ವಾರೆನ್ ಧ್ವನಿಮುದ್ರಿತ ವಾಕ್ಯದ ಒಂದು ಧ್ವನಿಯನ್ನು ತೆಗೆದು ಆ ಜಾಗದಲ್ಲಿ ಕೆಮ್ಮು ಸೇರಿಸಿದರು. ಕೇಳಿದವರಿಗೆ ಧ್ವನಿ ಕಾಣೆಯಾಗಿದೆ ಅಂತಲೇ ಅನ್ನಿಸಲಿಲ್ಲ, ಇಲ್ಲದ ಧ್ವನಿ ಕೇಳಿಸಿತು. ಇನ್ನೊಂದು ಪ್ರಯೋಗದಲ್ಲಿ ‘ಈಲ್’ ಅಂತ ಮಾತ್ರ ಉಳಿದ ಇಂಗ್ಲಿಷ್ ಪದ, ವಾಕ್ಯದ ಕೊನೆಗೆ ಕಿತ್ತಳೆ ಬಂದರೆ ಸಿಪ್ಪೆಯ ‘ಪೀಲ್’ ಆಯಿತು, ಮೇಜು ಬಂದರೆ ಊಟದ ‘ಮೀಲ್’ ಆಯಿತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣೋದು ಸಂದರ್ಭದ ಸಾಮರ್ಥ್ಯ ಅಲ್ಲ, ಅದು ಸದ್ದಿಲ್ಲದೆ ಕೆಲಸ ಮಾಡೋ ರೀತಿ. ತುಂಬಿಕೊಟ್ಟದ್ದು ತುಂಬಿಕೊಟ್ಟದ್ದು ಅಂತ ಗೊತ್ತಾಗಲ್ಲ. ‘ಪಾವು’ ಅಂತ ಸಲೀಸಾಗಿ ಓದಿಕೊಂಡವರಿಗೆ ‘ಬಾವು’ ಅನ್ನೋ ಇನ್ನೊಂದು ಓದು ಇತ್ತು ಅನ್ನೋದೇ ತಲೆಗೆ ಬರಲ್ಲ. ಅದಕ್ಕೇ ಎರಡು ಓದನ್ನೂ ಬರೆದಿಟ್ಟುಕೊಂಡು ತೂಗಬೇಕು.

ತೂಗುವಾಗ ಯಾವುದು ಹೆಚ್ಚು ಸಂಭವ ಅನ್ನೋದರ ಜೊತೆಗೆ ಯಾವುದು ತಪ್ಪಿದರೆ ಏನು ಹೋಗುತ್ತೆ ಅಂತಲೂ ನೋಡಬೇಕಾಗುತ್ತೆ. ಹಾಸು ಬಂದದ್ದನ್ನು ಬಾವು ಅಂತ ತಿಳಿದು ಗಾಬರಿಯಾದರೆ ಅತ್ತೆ ನಗ್ತಾರೆ, ಅಷ್ಟೆ. ಸಕ್ಕರೆ ಇರುವವರ ಕಾಲಿನ ಊತಕ್ಕೆ ‘ಸಂತೋಷ, ಯಾವಾಗ ಇಳೀತೀರಿ’ ಅಂತ ಉತ್ತರ ಕೊಟ್ಟರೆ ಒಂದು ವಾರ ಹಾಗೇ ಕಳೆದುಹೋಗಬಹುದು. ಹಾಗಾಗಿ ಕೇಳಲೇಬೇಕಿತ್ತು.

ಕೇಳೋದು ಹೇಗೆ ಅನ್ನೋದರಲ್ಲಿ ಒಂದು ಸೂಕ್ಷ್ಮ ಇದೆ. ಷೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ ಮೂವರೂ 1977ರ ತಮ್ಮ ಲೇಖನದಲ್ಲಿ ಮಾತಿನ ದುರಸ್ತಿಯನ್ನು ವಿವರಿಸುತ್ತಾ, ಕೇಳುವವರು ತೊಡಕನ್ನು ತೋರಿಸುವ ಬಗೆಗಳಲ್ಲಿ ಬಲಾಬಲ ಇದೆ ಅಂತಾರೆ. ‘ಆಂ?’, ‘ಏನು?’ ಅನ್ನೋದು ಎಲ್ಲಿ ತೊಡಕು ಅಂತ ಹೇಳಲ್ಲ. ‘ಯಾರು?’ ಅನ್ನೋದು ಸ್ವಲ್ಪ ಹೇಳುತ್ತೆ. ನಮಗೆ ಅರ್ಥವಾದದ್ದನ್ನು ಮುಂದಿಟ್ಟು ‘ಇದಾ?’ ಅಂತ ಕೇಳೋದು ಎಲ್ಲಕ್ಕಿಂತ ಬಲವಾದದ್ದು. ಎದುರು ಕೂತು ಮಾತಾಡುವಾಗ ಇದು ಚೆನ್ನಾಗಿ ನಡೆಯುತ್ತೆ. ನಮ್ಮ ಪ್ರಸಂಗದಲ್ಲಿ ಮೊದಲನೆಯದೂ ನಡೆಯಲ್ಲ, ಕೊನೆಯದೂ ನಡೆಯಲ್ಲ. ‘ಏನತ್ತೆ?’ ಅಂದರೆ ಅವರು ಅದೇ ಅಕ್ಷರಗಳನ್ನು ಇನ್ನೊಮ್ಮೆ ಕಳಿಸ್ತಾರೆ, ಯಾಕಂದ್ರೆ ಅವರ ಕಣ್ಣಿಗೆ ಅದು ಸರಿಯಾಗೇ ಇದೆ. ‘ಪಾವಾ, ಬಾವಾ?’ ಅಂತ ನಾನು ಬರೆದರೆ ತಮಿಳು ಲಿಪಿಯಲ್ಲಿ ಎರಡೂ ಒಂದೇ ಆಗಿ, ಒಂದೇ ಪದವನ್ನು ಎರಡು ಸಲ ಕೇಳಿದ ಹಾಗಾಗುತ್ತೆ.

ದಾರಿ ಏನಂದ್ರೆ, ಕೆಟ್ಟ ಪದವನ್ನು ಮುಟ್ಟದೆ ಅದರ ಸುತ್ತಲಿನದನ್ನು ಕೇಳೋದು. ಅದೂ ಈ ಲಿಪಿಯಲ್ಲಿ ಕೆಡದ ಪದಗಳಲ್ಲಿ. ‘ಮಗ್ಗಕ್ಕಾ?’ ಅಂತಲೂ ಕೇಳೋ ಹಾಗಿಲ್ಲ, ಅದು ಮಕ್ಕಳ ಕಡೆ ಹೋಗುತ್ತೆ. ನಾನು ಬರೆದದ್ದು ‘ಕಾಲಿಗಾ, ತರಿಗಾ?’ ಅಂತ. ‘ತರಿ’ ಮಗ್ಗಕ್ಕೆ ತಮಿಳಿನ ಪದ, ಅವರಿಗೆ ನಿತ್ಯದ್ದು. ಉತ್ತರ ಒಂದೇ ಪದ: ‘ಕಾಲಿಗೆ’. ಮರುದಿನ ಬೆಳಿಗ್ಗೆ ಅವರ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಪಾದದ ಅಡಿಯಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಗಾಯ ಇತ್ತು. ಹಾಸು ಬಂದದ್ದು ಅದಾಗಿ ಐದು ದಿನಕ್ಕೆ.

ಅಂದ್ರೆ ಹಿಂದಿನ ಮಾತು ಅಷ್ಟು ಜೋರಾಗಿ ತೋರಿಸಿದ ಓದು ನಿಜವಾಗಿರಲಿಲ್ಲ. ಈ ಸೆಮಿನಾರಿಗಾಗಿ ಆಮೇಲೆ ಇನ್ನೊಂದು ಕೆಲಸ ಮಾಡಿ ನೋಡಿದೆ. ನಮ್ಮಿಬ್ಬರ ಹಳೇ ಸಂದೇಶಗಳಲ್ಲಿ ಆ ಎರಡು ಅಕ್ಷರ ಹಾಕಿ ಹುಡುಕಿದೆ. ಲಿಪಿಯ ದೋಷ ಇಲ್ಲಿ ಉಪಕಾರವೇ ಆಯಿತು, ಪಾವು ಬಾವು ಎರಡೂ ಒಟ್ಟಿಗೆ ಸಿಕ್ಕವು. ಹಾಸಿನ ವಿಷಯ ಬಂದಲ್ಲೆಲ್ಲ ಅತ್ತೆ ‘ಪಾವು ಕೊಟ್ಟರು’, ‘ಪಾವು ಕೊಡಲಿಲ್ಲ’, ‘ಪಾವು ಮುಗೀತು’ ಅಂತಲೇ ಬರೆದಿದ್ದಾರೆ. ‘ಬಂತು’ ಅಂತ ಒಂದು ಕಡೆಯೂ ಇಲ್ಲ. ಅವರ ಪಾಲಿಗೆ ಹಾಸು ಮಾಸ್ಟರ್ ಕೊಡೋ ವಸ್ತು, ತಾನಾಗಿ ಬರೋದಲ್ಲ. ಹಿಂದಿನ ದಿನದ ಆರು ಸಾಲಿಗಿಂತ ಹಿಂದಿನ ಎರಡು ವರ್ಷದ ರೂಢಿ ಒಳ್ಳೆಯ ಸಾಕ್ಷಿ ಆಗಿತ್ತು. ಹತ್ತಿರದ ಸಂದರ್ಭ ವಿಷಯ ಯಾವುದಿರಬಹುದು ಅಂತ ಹೇಳುತ್ತೆ. ದೂರದ ಸಂದರ್ಭ ಈ ವ್ಯಕ್ತಿ ಆ ವಿಷಯವನ್ನು ಯಾವ ಮಾತಿನಲ್ಲಿ ಹೇಳ್ತಾರೆ ಅಂತ ಹೇಳುತ್ತೆ. ನಾವು ಮೊದಲನೆಯದನ್ನೇ ಸಂದರ್ಭ ಅಂತ ಕರೆದು ನಿಲ್ಲಿಸಿಬಿಡ್ತೀವಿ.

ಗ್ರಂಥಸಂಪಾದನೆ ಪತ್ರಿಕೆ ಓದಿರೋ ಗೆಳೆಯರಿಗೆ ಇದು ಹೊಸದಲ್ಲ. ಕವಿಯ ಇತರ ಪ್ರಯೋಗಗಳನ್ನು ನೋಡಿ ಪಾಠ ನಿರ್ಣಯಿಸೋದು ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದ ಎಲ್ಲರಿಗೂ ಪರಿಚಿತ ದಾರಿ. ಹಳೆಯ ಓಲೆಗಳಲ್ಲಿ ಎ ಏ, ಒ ಓ ಒಂದೇ ಥರ ಬರೆದಿರುತ್ತಿತ್ತು; ಅಲ್ಲಿ ಲಘುವೋ ಗುರುವೋ ಅಂತ ಛಂದಸ್ಸು ಹೇಳಿಕೊಡುತ್ತೆ. ಅತ್ತೆಯ ಸಂದೇಶಕ್ಕೆ ಛಂದಸ್ಸಿಲ್ಲ. ಆದರೆ ಯಾವ ಸಂಪಾದಕರಿಗೂ ಇಲ್ಲದ ಭಾಗ್ಯ ನನಗಿದೆ, ಬರೆದವರನ್ನೇ ಕೇಳಬಹುದು.

ಕೆಡೋದರಲ್ಲೂ ಜಾತಿ ಬೇರೆ ಬೇರೆ ಇದೆ ಅನ್ನೋದನ್ನ ಚಿಕ್ಕದಾಗಿ ಹೇಳಿಬಿಡ್ತೇನೆ. ಅತ್ತೆಯ ಕೈ ಬಿಡುವಿಲ್ಲದಾಗ ಫೋನಿಗೆ ಮಾತಾಡಿ ಬರೆಸ್ತಾರೆ. ಫೋನು ತಮಿಳಿಗೆ ಹೊಂದಿಸಿದೆ, ಅವರು ಮಾತಾಡೋದು ಕನ್ನಡ. ಯಂತ್ರಕ್ಕೆ ಗೊತ್ತಿರೋದು ತಮಿಳು ಪದಗಳು, ಅದು ಹತ್ತಿರದ ತಮಿಳು ಪದ ಹುಡುಕಿ ಇಡುತ್ತೆ. ಒಂದು ಬೆಳಿಗ್ಗೆ ‘ಆಳು ವಂದು’ ಅಂತ ಬಂತು. ಆರು ಗಂಟೆಗೆ ಯಾವ ಆಳು? ಗಟ್ಟಿಯಾಗಿ ಓದಿಕೊಂಡು ವಕಾರಕ್ಕೆ ಬಕಾರ ಇಟ್ಟರೆ, ಮೊದಲಿಗೆ ಹ ಸೇರಿಸಿದರೆ, ‘ಹಾಲು ಬಂತು’. ಕೈಯಲ್ಲಿ ಬರೆದದ್ದು ಕೆಟ್ಟಿದ್ದರೆ ಕೆಟ್ಟ ಹಾಗೆ ಕಾಣುತ್ತೆ. ಇದು ಒಳ್ಳೆಯ ತಮಿಳಿನ ಹಾಗೆ ಕಾಣುತ್ತೆ, ಅದಕ್ಕೇ ಹೆಚ್ಚು ಕಷ್ಟ. ಮಾತಿನ ವಿಷಯ ಯಾವ ಕಾರಣವೂ ಇಲ್ಲದೆ ಹೊರಳಿತು ಅನ್ನೋದೊಂದೇ ಸುಳಿವು.

ಸಂಶೋಧನೆಗೆ ಇದರಿಂದ ಒಂದು ಮಿತಿ ಬರುತ್ತೆ. ಸಂದರ್ಭ ನನಗೆ ಪದವನ್ನು ಕೊಡುತ್ತೆ, ಉಚ್ಚಾರಣೆಯನ್ನು ಕೊಡಲ್ಲ. ಅತ್ತೆ ‘ಆಲು’ ಅಂತ ಬರೆದರೆ ಅದು ಹಾಲು ಅನ್ನೋದು ಖಚಿತ. ಆದರೆ ಅವರ ಬಾಯಲ್ಲಿ ಹಕಾರ ಇದೆಯೋ ಇಲ್ಲವೋ? ತಮಿಳಿನಲ್ಲಿ ಹ ಬರೆಯೋಕೆ ಗ್ರಂಥಾಕ್ಷರ ಇದೆ, ಆದರೆ ಎಲ್ಲರೂ ಅದನ್ನು ಹುಡುಕಿ ಒತ್ತಲ್ಲ. ಲಿಪಿ ನುಂಗಿತೋ ನಾಲಿಗೆ ನುಂಗಿತೋ ಅಂತ ಬರಹದಿಂದ ತಿಳಿಯಲ್ಲ. ಹಾಗಾಗಿ ನನ್ನ ಪ್ರಬಂಧದಲ್ಲಿ ಬಂದ ರೂಪ, ಓದಿದ ರೂಪ, ಆ ಓದಿಗೆ ಆಧಾರ ಮೂರನ್ನೂ ಬೇರೆ ಬೇರೆ ಇಡ್ತಿದ್ದೇನೆ; ಬರೆದವರೇ ಒಪ್ಪಿದ್ದಕ್ಕೆ ಗುರುತು ಹಾಕ್ತಿದ್ದೇನೆ. ನಮ್ಮ ಕಡೆಯ ಕನ್ನಡದ ಧ್ವನಿವ್ಯವಸ್ಥೆಯ ಬಗ್ಗೆ ಈ ಸಂದೇಶಗಳಿಂದ ಏನನ್ನೂ ಹೇಳೋ ಹಾಗಿಲ್ಲ.

(ಪ್ರಶ್ನೆ: ಇಷ್ಟೆಲ್ಲ ತೊಂದರೆ ಯಾಕೆ, ಧ್ವನಿ ಸಂದೇಶ ಕಳಿಸಬಹುದಲ್ಲ?)

ಒಳ್ಳೆ ಪ್ರಶ್ನೆ ಸರ್. ಅತ್ತೆ ಕೆಲವೊಮ್ಮೆ ಕಳಿಸ್ತಾರೆ. ಅವರ ಮಗ ಪಲ್ಲಡಂ ಕಡೆ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡ್ತಾನೆ, ಅಲ್ಲಿಂದ ಬರೋ ಧ್ವನಿಯಲ್ಲಿ ಲೂಮಿನ ಸದ್ದೇ ಮುಕ್ಕಾಲು. ಅದಕ್ಕೆ ಅವನೂ ಬರೆದೇ ಕಳಿಸೋದು. ಆದರೆ ಎರಡೂ ಒಂದೇ ಥರ ಕೆಡಲ್ಲ ಅನ್ನೋದು ನನಗೆ ಕುತೂಹಲದ ವಿಷಯ. ಮಿಲ್ಲರ್, ನೈಸ್ಲಿ ಇಬ್ಬರೂ 1955ರಲ್ಲಿ ಇಂಗ್ಲಿಷ್ ವ್ಯಂಜನಗಳನ್ನು ಗದ್ದಲದಲ್ಲಿ ಕೇಳಿಸಿ ನೋಡಿದರು. ಗದ್ದಲ ಹೆಚ್ಚಿದ ಹಾಗೆ ಮೊದಲು ಕಳೆದುಹೋದದ್ದು ಉಚ್ಚಾರಣೆಯ ಸ್ಥಾನ, ಅಂದ್ರೆ ಪ ತ ಕ ಒಂದಕ್ಕೊಂದು ಬೆರೆತವು. ಘೋಷ ಅಘೋಷ ಭೇದ ಮತ್ತು ಅನುನಾಸಿಕ ಬಹಳ ಹೊತ್ತು ಉಳಿದವು. ತಮಿಳು ಲಿಪಿ ಸರಿಯಾಗಿ ಇದಕ್ಕೆ ಉಲ್ಟಾ: ಸ್ಥಾನವನ್ನು ಪೂರ್ತಿ ಉಳಿಸುತ್ತೆ, ಘೋಷವನ್ನು ಬಿಡುತ್ತೆ. ಲೂಮಿನ ಬಡಿತ ಪ್ರಯೋಗಶಾಲೆಯ ಗದ್ದಲದಂಥದ್ದಲ್ಲ, ಕನ್ನಡ ಇಂಗ್ಲಿಷ್ ಅಲ್ಲ, ಅದು ನಿಜ. ಆದರೂ ಶೆಡ್ಡಿನೊಳಗಿಂದ ಕೂಗಿದ ‘ಬಾವು’ ನನ್ನ ಕಿವಿಗೆ ‘ದಾವು’, ‘ಗಾವು’ ಅಂತ ಕೇಳಿಸಬಹುದು, ‘ಪಾವು’ ಅಂತ ಕೇಳಿಸೋದು ಕಡಿಮೆ. ಈಗ ಅನುಮಾನ ಬಂದಾಗ ಅವನಿಗೆ ಹೇಳ್ತೇನೆ, ಬರೆದದ್ದನ್ನು ಅಳಿಸಬೇಡ, ಆ ಒಂದು ಪದವನ್ನು ಮಾತ್ರ ಬಾಯಲ್ಲಿ ಹೇಳಿ ಕಳಿಸು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದ್ತೇನೆ.